ಬಸುರಿಯ ಚರ್ಮ, ಪಾರ್ಲರಿನ ದಾರ, ಟ್ಯಾಟೂ ಸೂಜಿ

ಸೀಮಂತದ ದಿನ ಗೊತ್ತಾಗುತ್ತಿದ್ದಂತೆ ಎಷ್ಟೋ ಬಸುರಿಯರು ಹುಬ್ಬು ತೀಡಿಸಿಕೊಳ್ಳಲು, ಕೈಕಾಲಿಗೆ ವ್ಯಾಕ್ಸಿಂಗ್ ಮಾಡಿಸಿಕೊಳ್ಳಲು ಬ್ಯೂಟಿ ಪಾರ್ಲರಿಗೆ ಹೋಗುತ್ತಾರೆ. ಇದರಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಿಲ್ಲ. ತೊಂದರೆಯಾಗುವುದಿದ್ದರೆ ತಾಯಿಯ ಚರ್ಮಕ್ಕೆ. ಬಸುರಿನಲ್ಲಿ ಚರ್ಮದೊಳಗೆ ರಕ್ತದ ಓಡಾಟ ಹೆಚ್ಚಿರುತ್ತದೆ, ಹಾಗಾಗಿ ಹಿಂದೆ ಸಲೀಸಾಗಿ ತಡೆದುಕೊಂಡ ಬಿಸಿಯೇ ಈಗ ಉರಿ ತರಬಹುದು, ಚರ್ಮ ಕೆಂಪೇರಬಹುದು. ಮೊದಲು ಮುಂಗೈಯಲ್ಲಿ ಒಂದಿಷ್ಟು ಜಾಗಕ್ಕೆ ಹಚ್ಚಿಸಿ ನೋಡಿ, ಒಂದು ದಿನ ಬಿಟ್ಟು ಮುಂದುವರಿಯುವುದು ಒಳ್ಳೆಯದು. ಕಾಲಿನಲ್ಲಿ ನರ ಉಬ್ಬಿದ್ದರೆ ಅಲ್ಲಿ ವ್ಯಾಕ್ಸ್ ಬೇಡ.

ಪಾರ್ಲರಿನಲ್ಲಿ ಕೆಲಸ ಮಾಡುವವರ ಕೈಯನ್ನು ಗಮನಿಸಿ. ಮೈಗೆ ತಾಗಿದ ಚಮಚವನ್ನೇ ಮತ್ತೆ ವ್ಯಾಕ್ಸ್ ಡಬ್ಬಿಗೆ ಅದ್ದಿದರೆ ಒಬ್ಬರ ಚರ್ಮದ ಕ್ರಿಮಿ ಇನ್ನೊಬ್ಬರಿಗೆ ದಾಟಬಹುದು. ಡಬ್ಬಿಯ ಬಿಸಿ ಅವನ್ನೆಲ್ಲ ಕೊಲ್ಲುವಷ್ಟಿರುವುದಿಲ್ಲ. ಥ್ರೆಡಿಂಗ್‌ನಲ್ಲಿ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ರೂಢಿಯಿದೆ. ಆ ಎಂಜಲು ದಾರ ಹಸಿ ಚರ್ಮದ ಮೇಲೆ ಓಡಾಡುತ್ತದೆ. ಹೊಸ ದಾರ ತೆಗೆದುಕೊಂಡು, ತುದಿಯನ್ನು ಕುತ್ತಿಗೆಗೆ ಕಟ್ಟಿಕೊಳ್ಳಿ ಎಂದು ಕೇಳಲು ಸಂಕೋಚ ಬೇಡ. ಮರುದಿನದಿಂದ ಕೂದಲಿನ ಬುಡದಲ್ಲಿ ಸಣ್ಣ ಕೀವುಗುಳ್ಳೆಗಳೆದ್ದರೆ ಕೆರೆಯದೆ ಶುಚಿಯಾಗಿಟ್ಟರೆ ಸಾಮಾನ್ಯವಾಗಿ ಮಾಯುತ್ತವೆ. ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಬೇಕು.

ಟ್ಯಾಟೂ ಮತ್ತು ಹೊಸದಾಗಿ ಮೂಗು, ಹೊಕ್ಕುಳು ಚುಚ್ಚಿಸಿಕೊಳ್ಳುವ ಮಾತು ಬೇರೆ. ಇವು ಹೆರಿಗೆಯ ನಂತರಕ್ಕೆ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಕ್ಕುಳ ಗಾಯ ಪೂರ್ತಿ ಮಾಯಲು ತಿಂಗಳುಗಟ್ಟಲೆ ಬೇಕು, ಬೆಳೆಯುವ ಹೊಟ್ಟೆ ಅದನ್ನು ಎಳೆಯುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ಭಯ ಹೆಪಟೈಟಿಸ್ ಬಿ. ಕಣ್ಣಿಗೆ ಕಾಣದಷ್ಟು ಒಣಗಿದ ರಕ್ತದಲ್ಲೂ ಈ ವೈರಸ್ 7 ದಿನ ಬದುಕಿರಬಲ್ಲದು. ಸೂಜಿ ಹೊಸದಾಗಿದ್ದು, ಬಣ್ಣದ ಬಟ್ಟಲು ಹಳೆಯದಾಗಿದ್ದರೂ ಸೋಂಕು ತಗಲಬಹುದು.

ಒಬ್ಬ ಬಸುರಿಗೆ 3ನೇ ತಿಂಗಳಲ್ಲಿ ರಕ್ತಪರೀಕ್ಷೆಯಾಗಿ, ಹೆಪಟೈಟಿಸ್ ಬಿ ಇಲ್ಲವೆಂದು ವರದಿ ಬಂತು ಎನ್ನೋಣ. 5ನೇ ತಿಂಗಳಲ್ಲಿ ಟ್ಯಾಟೂ ಹಾಕಿಸಿಕೊಂಡಾಗ ಸೋಂಕು ತಗುಲಿತು. ಅನೇಕರಿಗೆ ಕಾಮಾಲೆಯೂ ಕಾಣಿಸುವುದಿಲ್ಲ, ಇವಳಿಗೂ ಕಾಣಿಸಲಿಲ್ಲ. ಹೆರಿಗೆ ವಾರ್ಡಿನವರು ನೋಡುವುದು 3ನೇ ತಿಂಗಳ ಹಳೆಯ ವರದಿಯನ್ನೇ. ಹೆರಿಗೆಯಲ್ಲಿ ವೈರಸ್ ಮಗುವಿಗೆ ದಾಟಬಹುದು. ಹಾಗೆ ದಾಟಿದರೆ, 10 ಮಕ್ಕಳಲ್ಲಿ ಸುಮಾರು 9ಕ್ಕೆ ಅದು ಲಿವರಿನಲ್ಲಿ ದೀರ್ಘಕಾಲ ಉಳಿದುಬಿಡುತ್ತದೆ.

ಆದ್ದರಿಂದ ಬಸುರಿನಲ್ಲಿ ಈಗಾಗಲೇ ಟ್ಯಾಟೂ ಹಾಕಿಸಿಕೊಂಡವರು ಅದನ್ನು ಡಾಕ್ಟರಿಂದ ಮುಚ್ಚಿಡಬಾರದು. ಸೋಂಕು ರಕ್ತದಲ್ಲಿ ಕಾಣಿಸಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ, ಹಾಗಾಗಿ ಮರುದಿನದ ಪರೀಕ್ಷೆಯನ್ನು ನಂಬಿ ಕೂರದೆ, ಹೆರಿಗೆಗೆ ಮೊದಲು ಇನ್ನೊಮ್ಮೆ ಮಾಡಿಸಬೇಕು. ತಾಯಿಗೆ ಸೋಂಕಿದೆ ಎಂದು ಗೊತ್ತಾದರೆ, ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡುತ್ತಾರೆ. ಈ ಚುಚ್ಚುಮದ್ದು ಎಲ್ಲ ಆಸ್ಪತ್ರೆಗಳಲ್ಲೂ ತಕ್ಷಣ ಸಿಗದು, ಮೊದಲೇ ತರಿಸಿಡಬೇಕಾಗುತ್ತದೆ.