ಎಚ್‌ಡಿಆರ್ ವಿಡಿಯೊ ಮಂಕಾಗುವಿಕೆ

ಫೋನಿನಲ್ಲಿ ಉಜ್ವಲವಾಗಿ ಕಂಡ ಎಚ್‌ಡಿಆರ್ ವಿಡಿಯೊ ಅಂತರಜಾಲಕ್ಕೆ ಏರಿಸಿದ ಬಳಿಕ ಮಂಕಾಗಿ ತೋರುವುದಕ್ಕೆ ಮುಖ್ಯ ಕಾರಣ, ಪರಿವರ್ತನೆಯಿಲ್ಲದ ರಫ್ತು. 2020ರ ಐಫೋನ್ 12 ಮತ್ತು ಅನಂತರದ ಮಾದರಿಗಳು ಎಚ್‌ಡಿಆರ್ ದೃಶ್ಯವನ್ನು ಎಚ್‌ಎಲ್‌ಜಿ ಎಂಬ ಸಂಕೇತಕ್ರಮದಲ್ಲಿ ದಾಖಲಿಸುತ್ತವೆ. ಇದರಲ್ಲಿ ಬಿಳಿ ಕಾಗದದ ಬಿಳುಪು ಸಂಕೇತದ ಸುಮಾರು 75% ಮಟ್ಟದಲ್ಲಿರುತ್ತದೆ. ಮೇಲಿನ ಭಾಗ ದೀಪ, ಬಿಸಿಲಿನ ಪ್ರತಿಫಲನಗಳಂತಹ ಹೊಳಪಿಗೆ ಮೀಸಲು. ಸಾಮಾನ್ಯ ಎಸ್‌ಡಿಆರ್ ವಿಡಿಯೊದಲ್ಲಾದರೋ ಬಿಳುಪು 100%ರ ಸಮೀಪವಿರುತ್ತದೆ. ಸಂಪಾದನಾ ತಂತ್ರಾಂಶವು ಮೌಲ್ಯಗಳನ್ನು ಬದಲಿಸದೆ ಕಡತಕ್ಕೆ ಎಸ್‌ಡಿಆರ್ ಗುರುತನ್ನಷ್ಟೇ ಹಚ್ಚಿದರೆ ಕಾಗದ ಬೂದುಬಣ್ಣಕ್ಕೆ ತಿರುಗುತ್ತದೆ. ವಿಶಾಲವಾದ Rec. 2020 ವರ್ಣವ್ಯಾಪ್ತಿಯನ್ನು ಕಿರಿದಾದ Rec. 709 ಎಂದು ಓದುವುದರಿಂದ ಕೆಂಪು, ಹಸಿರುಗಳೂ ಪೇಲವವಾಗುತ್ತವೆ.

ರಫ್ತಾದ ಕಡತವನ್ನು ಏರಿಸುವ ಮುನ್ನವೇ ಕಂಪ್ಯೂಟರಿನಲ್ಲಿ ತೆರೆದಾಗ ಮಂಕಾಗಿದ್ದರೆ ದೋಷ ಜಾಲತಾಣದ್ದಲ್ಲ. ಎಲ್ಲ ಪರದೆಗಳಿಗೂ ಹೊಂದಬೇಕಾದರೆ ಟೋನ್ ಮ್ಯಾಪಿಂಗ್ ಮೂಲಕ Rec. 709ಕ್ಕೆ ಪರಿವರ್ತಿಸಿ ರಫ್ತು ಮಾಡುವುದೇ ಸುರಕ್ಷಿತ ಮಾರ್ಗ. ಎಚ್‌ಡಿಆರ್ ಆಗಿಯೇ ಉಳಿಸುವುದಾದರೆ 10 ಬಿಟ್‌ನ HEVC ಕಡತದಲ್ಲಿ Rec. 2020 ಮತ್ತು HLG ಗುರುತುಗಳೆರಡೂ ಇರಬೇಕು.