ವೊಲೆಂಟಿ ನಾನ್ ಫಿಟ್ ಇಂಜೂರಿಯಾ

ವೊಲೆಂಟಿ ನಾನ್ ಫಿಟ್ ಇಂಜೂರಿಯಾ ಎಂಬುದು ಅಪಕೃತ್ಯ ಕಾನೂನಿನಲ್ಲಿ ಪ್ರತಿವಾದಿಯು ತನ್ನ ರಕ್ಷಣೆಗೆ ಮುಂದಿಡುವ ಲ್ಯಾಟಿನ್ ಸೂತ್ರ.

ಅರ್ಥ

'ಸ್ವಇಚ್ಛೆಯಿಂದ ಒಪ್ಪಿದವನಿಗೆ ಅನ್ಯಾಯವಾಗದು' ಎಂದು ಇದರ ಅರ್ಥ. ಇಲ್ಲಿ 'ಇಂಜೂರಿಯಾ' ಎಂದರೆ ದೇಹದ ಗಾಯವಲ್ಲ, ಕಾನೂನಿನ ದೃಷ್ಟಿಯ ಅನ್ಯಾಯ. ಗಾಯವಾಗಿದ್ದರೂ ಪರಿಹಾರದ ಹಕ್ಕು ಹುಟ್ಟುವುದಿಲ್ಲ ಎಂಬುದೇ ಸೂತ್ರದ ತಾತ್ಪರ್ಯ.

ಸರಿಯಾದ ಬಳಕೆ

ಕ್ರಿಕೆಟ್ ಪಂದ್ಯದಲ್ಲಿ ಸಿಕ್ಸರ್ ಹೊಡೆದ ಚೆಂಡು ಪ್ರೇಕ್ಷಕನಿಗೆ ಬಡಿದರೆ, ಆಟಗಾರನು ಈ ಸೂತ್ರವನ್ನು ಮುಂದಿಡಬಹುದು. ಆಟದ ಸಹಜ ಅಪಾಯವನ್ನು ಪ್ರೇಕ್ಷಕನು ಒಪ್ಪಿಯೇ ಬಂದಿರುತ್ತಾನೆ. ಆದರೆ ದುರಸ್ತಿಯಿಲ್ಲದ ಆಸನಗಳ ಸಾಲು ಕುಸಿದು ಅವನು ಗಾಯಗೊಂಡರೆ ಸೂತ್ರವು ಅನ್ವಯಿಸದು. ಆ ಅಪಾಯವನ್ನು ಅವನು ಒಪ್ಪಿರಲಿಲ್ಲ.

ತಿಳಿವು ಮತ್ತು ಒಪ್ಪಿಗೆ

ಅಪಾಯ ತಿಳಿದಿತ್ತು ಎಂದಮಾತ್ರಕ್ಕೆ ಒಪ್ಪಿಗೆಯಿತ್ತು ಎಂದು ಭಾವಿಸುವುದು ಸಾಮಾನ್ಯ ತಪ್ಪು. ಇಂಗ್ಲೆಂಡಿನ ಸ್ಮಿತ್ ವಿರುದ್ಧ ಬೇಕರ್ (1891) ಮೊಕದ್ದಮೆಯಲ್ಲಿ ಕಾರ್ಮಿಕನೊಬ್ಬನು ಬಂಡೆ ಕೊರೆಯುತ್ತಿದ್ದನು. ಕ್ರೇನ್ ಅವನ ತಲೆಯ ಮೇಲಿಂದಲೇ ಕಲ್ಲುಗಳನ್ನು ಸಾಗಿಸುತ್ತಿದ್ದುದು ಅವನಿಗೆ ತಿಳಿದಿತ್ತು. ಕಲ್ಲು ಬಿದ್ದು ಗಾಯಗೊಂಡಾಗ ಮಾಲೀಕರು ಈ ಸೂತ್ರದ ಮೊರೆಹೊಕ್ಕರು. ಅಪಾಯವನ್ನರಿತು ಕೆಲಸದಲ್ಲಿ ಮುಂದುವರಿದ ಮಾತ್ರಕ್ಕೆ ಮಾಲೀಕರ ನಿರ್ಲಕ್ಷ್ಯಕ್ಕೆ ಒಪ್ಪಿದಂತಾಗದು ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಕಾರ್ಮಿಕನಿಗೆ ಪರಿಹಾರ ದೊರೆಯಿತು.