ಮಂದಣ್ಣನಿಗೂ ಒಂದು ಮದುವೆ ಬೇಕು

ಯಲಹಂಕದ ನಮ್ಮ ಹವ್ಯಾಸಿ ತಂಡದ ನಾಟಕಕ್ಕೆ ನಾಯಕಿ ಜಿಕೆವಿಕೆಯ ಒಬ್ಬ ವಿಜ್ಞಾನಿ. ಜಕ್ಕೂರು ಕೆರೆ, ಹೆಬ್ಬಾಳ ಕೆರೆ ಎಂದು ಸುತ್ತಿ ನೀರಿನ ಮಾದರಿ ತೆಗೆಯುವುದು ಅವಳ ಕೆಲಸ. ಕರೆದೊಯ್ಯುವವನು ಒಬ್ಬ ಆಟೋದವನು. ನಗಿಸುವ ಹೊಣೆ ಪೂರ್ತಿ ಅವನದು.

ಮೊದಲ ಕರಡಿನಲ್ಲಿ ಅವನು ಪೆದ್ದುಪೆದ್ದಾಗಿ ಪ್ರಶ್ನೆ ಕೇಳುತ್ತಿದ್ದ, ಅವಳು ಪಾಠ ಹೇಳುತ್ತಿದ್ದಳು. ಎರಡು ದೃಶ್ಯ ನಕ್ಕವರು ಮೂರನೆಯದಕ್ಕೆ ಮೊಬೈಲು ತೆಗೆದರು. ಸರಿ, ಅವನ ಬಾಯಿಗೆ ಚುರುಕು ಮಾತು ಕೊಟ್ಟೆವು. ನಗು ಬಂತು, ಆದರೆ ಪ್ರತಿ ಪಂಚಿಗೂ ನಾಯಕಿ ಒಂದಿಷ್ಟು ಕುಳ್ಳಗಾದಳು. ಏತದ ಹಾಗೆ, ಒಬ್ಬರು ಏರಿದರೆ ಇನ್ನೊಬ್ಬರು ಇಳಿಯಲೇಬೇಕು.

ಆಟೋದವನ ಪಾತ್ರ ಮಾಡುತ್ತಿದ್ದ ಹುಡುಗ ಒಂದು ಸಂಜೆ ಕೇಳಿದ: "ಸಾರ್, ಮೇಡಂ ಕೆರೆಗೆ ಇಳಿದ ಮೇಲೆ ನಾನು ದಡದಲ್ಲಿ ಏನು ಮಾಡ್ತಿರ್ತೀನಿ?"

ಯಾರ ಬಳಿಯೂ ಉತ್ತರವಿರಲಿಲ್ಲ. ನಾಯಕಿಯ ಹೊರತು ಅವನಿಗೊಂದು ಬದುಕನ್ನು ನಾವು ಬರೆದೇ ಇರಲಿಲ್ಲ.

ಉತ್ತರ ಸಿಕ್ಕಿದ್ದು ತೇಜಸ್ವಿಯವರ ‘ಕರ್ವಾಲೊ’ದಲ್ಲಿ. 1980ರ ಈ ಕಾದಂಬರಿಯನ್ನು ಹಾರುವ ಓತಿಯ ಹುಡುಕಾಟವೆಂದೇ ಎಲ್ಲರೂ ನೆನೆಯುತ್ತಾರೆ. ಆ ಸಂಜೆ ನಾವು ಓದಿದ್ದು ಮಂದಣ್ಣನನ್ನು. ಮೂಡಿಗೆರೆಯ ಈ ಜೇನು ಕೀಳುವವನು ಓತಿಯನ್ನು ಕಣ್ಣಾರೆ ಕಂಡಿದ್ದಾನೆ. ವಿಜ್ಞಾನಿ ಕರ್ವಾಲೊಗೆ ಅವನು ಬೇಕೇ ಬೇಕು. ಆದರೆ ಮಂದಣ್ಣನ ತಲೆಯಲ್ಲಿ ಓತಿಯಿಲ್ಲ, ಮದುವೆಯಿದೆ. ಲಕ್ಷಾಂತರ ವರ್ಷಗಳ ಜೀವವಿಕಾಸದ ಗುಟ್ಟಿನ ಹಿಂದೆ ಒಬ್ಬ, ಹೆಣ್ಣು ಗೊತ್ತಾಗುವ ಚಿಂತೆಯಲ್ಲಿ ಇನ್ನೊಬ್ಬ. ಇಬ್ಬರೂ ತಮ್ಮತಮ್ಮ ಮಟ್ಟಿಗೆ ಪೂರ್ತಿ ಗಂಭೀರ. ನಗು ಹುಟ್ಟುವುದು ಆ ಎರಡು ಗಾಂಭೀರ್ಯಗಳ ತಿಕ್ಕಾಟದಲ್ಲಿ. ಯಾರ ದಡ್ಡತನವೂ ಅದಕ್ಕೆ ಬೇಕಿಲ್ಲ.

ಕರ್ವಾಲೊ ಇಲ್ಲಿ ಕುಗ್ಗುವುದಿಲ್ಲ ಎಂಬುದೇ ನಿಜವಾದ ಸೋಜಿಗ. ಮಂದಣ್ಣ ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದಾಗ ಅಷ್ಟು ದೊಡ್ಡ ವಿಜ್ಞಾನಿ ಅವನ ಪರವಾಗಿ ಓಡಾಡುತ್ತಾನೆ. ಊರವರಿಗೆ ಉಂಡಾಡಿಯಾಗಿ ಕಂಡವನಲ್ಲಿ ಹುಟ್ಟಾ ನಿಸರ್ಗಜ್ಞಾನಿಯನ್ನು ಕಾಣುವವನು ಕರ್ವಾಲೊ ಒಬ್ಬನೇ. ಮಂದಣ್ಣನ ಸಣ್ಣ ಆಸೆ ಇರದಿದ್ದರೆ ಕರ್ವಾಲೊನ ಈ ಕಣ್ಣು ನಮಗೆ ಕಾಣುತ್ತಲೇ ಇರಲಿಲ್ಲ.

ಸರ್ವಾಂಟೆಸ್ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದ. 1605ರಲ್ಲಿ ಬಂದ ಮೊದಲ ಭಾಗದಲ್ಲಿ ಡಾನ್ ಕ್ವಿಕ್ಸಾಟ್ ಮೊದಲ ಬಾರಿ ಮನೆ ಬಿಡುವುದು ಒಂಟಿಯಾಗಿ. ಸ್ಯಾಂಕೊ ಪಾಂಜಾ ಜೊತೆಯಾಗುವುದು ಏಳನೆಯ ಅಧ್ಯಾಯದಲ್ಲಿ. ಆಳಲು ಒಂದು ದ್ವೀಪ ಕೊಡುತ್ತೇನೆಂಬ ಮಾತು ನಂಬಿ ಹೊರಟವನು ಅವನು. ಒಡೆಯನಿಗೆ ಕೀರ್ತಿ, ಆಳಿಗೆ ದ್ವೀಪ.

ನಮ್ಮ ಆಟೋದವನಿಗೂ ಒಂದು ದ್ವೀಪ ಬೇಕಾಯಿತು. ಯಶವಂತಪುರ ಯಾರ್ಡಿಗೆ ಅವನ ಭಾವನ ಈರುಳ್ಳಿ ಲೋಡು ಬಂದಿದೆ, ಹರಾಜಿಗೆ ಮುಂಚೆ ಅವನು ಅಲ್ಲಿರಬೇಕು ಎಂದು ಬರೆದೆವು. ನಾಯಕಿಗೆ ಬೇಕಾದದ್ದು ಬೆಳಗಿನ ಜಾವದ ನೀರು. ಕೆರೆಯಲ್ಲಿ ಕರಗಿದ ಆಮ್ಲಜನಕ ಸಾಮಾನ್ಯವಾಗಿ ತೀರಾ ಇಳಿದಿರುವುದು ಆಗಲೇ. ಆ ಮಾದರಿಯ ಶೀಶೆಯೊಳಗೆ ಗಾಳಿಯ ಗುಳ್ಳೆ ಉಳಿಯಬಾರದು, ಉಳಿದರೆ ಲೆಕ್ಕ ಕೆಡುತ್ತದೆ. ಬೇಗ ಮುಗಿಯಲೆಂದು ಆಟೋದವನೇ ನೀರಿಗಿಳಿದು ಶೀಶೆ ತುಂಬುತ್ತಾನೆ. ಗುಳ್ಳೆ ಉಳಿಯುತ್ತದೆ. ಅವಳು ಚೆಲ್ಲುತ್ತಾಳೆ. ಅವನು ಫೋನಿನಲ್ಲಿ, "ಭಾವ, ಇನ್ನೊಂದೇ ಶೀಶೆ!" ಮತ್ತೆ ಗುಳ್ಳೆ, ಮತ್ತೆ ಚೆಲ್ಲು. ಅವನಿಗಾಗುವ ನಷ್ಟ ಅವಳಿಗೆ ಗೊತ್ತು, ಆದರೂ ಸುಳ್ಳು ಅಂಕಿ ಬರೆಯಲಾರಳು. ಪ್ರೇಕ್ಷಕರು ಅವನ ಪರದಾಟಕ್ಕೆ ನಗುತ್ತಲೇ ಅವಳ ಹಟವನ್ನು ಗೌರವಿಸತೊಡಗಿದರು.

ಇದಕ್ಕೂ ಒಂದು ಅಳತೆಯಿದೆ. ಮೊದಲು ಈರುಳ್ಳಿಯ ಬದಲು ಆಸ್ಪತ್ರೆಯಲ್ಲಿರುವ ತಾಯಿಯನ್ನು ಇಟ್ಟು ನೋಡಿದೆವು. ನಗು ಸತ್ತಿತು, ಕಾಯಿಸುವ ನಾಯಕಿ ಕ್ರೂರಿಯಂತೆ ಕಂಡಳು. ಗುರಿ ಅವನಿಗೆ ದೊಡ್ಡದಿರಬೇಕು, ತಪ್ಪಿಹೋದರೂ ಬದುಕು ಮುಳುಗಬಾರದು. ಮಧ್ಯದಲ್ಲೇ ಕೈಗೂಡಿದರೆ ಮತ್ತೆ ಅವನಿಗೆ ಕೆಲಸವಿಲ್ಲ. ನಾಯಕಿಯ ದಾರಿಗೆ ಅಡ್ಡ ಬರದ ಗುರಿಯಾದರೆ ಅದು ಬೇರೆಯದೇ ನಾಟಕ.

ಬರೆಯುವವರು ಹೀಗೆ ಪರೀಕ್ಷಿಸಿ ನೋಡಿ: ನಾಯಕ ದೃಶ್ಯದಿಂದ ಎದ್ದು ಹೋದ ಮೇಲೂ ಜೊತೆಗಾರನಿಗೆ ಮಾಡಲು ಏನಾದರೂ ಉಳಿದಿದೆಯೇ? ಇಲ್ಲವೆಂದರೆ ಅವನ ಮಾತು ತಿದ್ದುತ್ತ ಕೂರಬೇಡಿ, ಅವನಿಗೇನು ಬೇಕು ಎಂಬುದನ್ನು ಬರೆಯಿರಿ.